ಕಂಪ್ರೆಸರ್‌ಗೆ 10 ವರ್ಷ ವಾರಂಟಿ ಅಂತ ಸ್ಟಿಕ್ಕರ್ ಇದೆ, ಆದರೂ 5,782 ರೂಪಾಯಿ ಎಸ್ಟಿಮೇಟ್ ಕೊಟ್ಟಿದ್ದಾರೆ. ಸರಿನಾ?

ವೀಣಾ_ತುಮಕೂರು

ನಮ್ಮ ಮನೆ ಫ್ರಿಜ್ 2022ರ ಮಾರ್ಚ್‌ನಲ್ಲಿ ತೆಗೆದುಕೊಂಡಿದ್ದು. ಡಬಲ್ ಡೋರ್, ಫ್ರಾಸ್ಟ್ ಫ್ರೀ, ಇನ್ವರ್ಟರ್ ಕಂಪ್ರೆಸರ್. ಬಾಗಿಲ ಮೇಲೆ "10 ವರ್ಷ ವಾರಂಟಿ" ಅನ್ನೋ ದೊಡ್ಡ ಸ್ಟಿಕ್ಕರ್ ಇನ್ನೂ ಹಾಗೇ ಇದೆ. ಈಗ ಕೆಳಗಿನ ಭಾಗ ತಣ್ಣಗಾಗುತ್ತಿಲ್ಲ. ಹಾಲು ಒಡೆಯುತ್ತಿದೆ, ದೋಸೆ ಹಿಟ್ಟು ಒಂದೇ ದಿನಕ್ಕೆ ಹುಳಿ ಬಂದು ಡಬ್ಬಿ ಮುಚ್ಚಳ ಎತ್ತುತ್ತಿದೆ.

ಕಂಪನಿಗೆ ಕಂಪ್ಲೇಂಟ್ ಕೊಟ್ಟೆ. ಬಂದ ಟೆಕ್ನಿಷಿಯನ್ ಫ್ರಿಜ್ ಹಿಂದೆ ಕೈ ಇಟ್ಟು ನೋಡಿ, "ಗ್ಯಾಸ್ ಹೋಗಿದೆ ಮೇಡಂ, ಕಂಪ್ರೆಸರೂ ವೀಕ್ ಆಗಿದೆ" ಅಂದರು. ಫೋನಿನಲ್ಲೇ ಎಸ್ಟಿಮೇಟ್ ಮಾಡಿ ಕಳಿಸಿದರು. ಅದರಲ್ಲಿ ಹೀಗಿದೆ: ಕಂಪ್ರೆಸರ್ 0 ರೂಪಾಯಿ, ಗ್ಯಾಸ್ ಮತ್ತು ಫಿಲ್ಟರ್ 3,400, ಲೇಬರ್ 900, ಸಾಗಾಣಿಕೆ 600. ಅದರ ಮೇಲೆ 18% ಜಿಎಸ್‌ಟಿ ಸೇರಿ 5,782. ಇದಲ್ಲದೆ ಮನೆಗೆ ಬಂದಿದ್ದಕ್ಕೆ ಅಂತ 590 ಆಗಲೇ ತೆಗೆದುಕೊಂಡರು.

ವಾರಂಟಿ ಕಾರ್ಡ್ ಹುಡುಕಿ ಓದಿದೆ. ಇರುವೆ ಕಾಲಿನಷ್ಟು ಸಣ್ಣ ಅಕ್ಷರ. ಅದರಲ್ಲಿ ಇರೋದು ಸುಮಾರಾಗಿ ಇಷ್ಟು. ಬಿಲ್ ತಾರೀಖಿನಿಂದ 1 ವರ್ಷ ಪೂರ್ತಿ ಫ್ರಿಜ್‌ಗೆ ವಾರಂಟಿ. ಆಮೇಲೆ 9 ವರ್ಷ ಕಂಪ್ರೆಸರ್‌ಗೆ ಮಾತ್ರ. ಆ 9 ವರ್ಷದಲ್ಲಿ ಗ್ಯಾಸ್, ಲೇಬರ್, ಸಾಗಾಣಿಕೆ, ಎಲೆಕ್ಟ್ರಿಕಲ್ ಭಾಗಗಳು ಗ್ರಾಹಕರ ಖರ್ಚು.

ಹಾಗಾದರೆ ಈ 10 ವರ್ಷ ಅನ್ನೋದಕ್ಕೆ ಅರ್ಥ ಏನು? ಕೊಡಲೇಬೇಕಾ? ಇನ್ನೂ ಹೂಂ ಅಂದಿಲ್ಲ.

ಹುಬ್ಬಳ್ಳಿ ಹುಡುಗ

ಮೇಡಂ, ಒಂದು ರೂಪಾಯಿನೂ ಕೊಡಬೇಡಿ. ಗ್ಯಾಸ್ ಇಲ್ಲದೆ ಕಂಪ್ರೆಸರ್ ಏನು ಮಾಡುತ್ತದೆ? ಕಂಪ್ರೆಸರ್‌ಗೆ ವಾರಂಟಿ ಇದೆ ಅಂದ್ರೆ ಅದರ ಒಳಗೆ ಓಡೋ ಗ್ಯಾಸ್‌ಗೂ ಇದ್ದಂಗೆ ಅಲ್ವಾ? ನಮ್ಮ ಮಾವನ ಮನೇಲಿ ಫ್ರೀ ಆಗಿ ಹಾಕಿಕೊಟ್ಟರು. ಜೋರು ಮಾಡಿದ್ರೆ ಮಾಡ್ತಾರೆ. ಮೆತ್ತಗೆ ಇದ್ದೋರ ಹತ್ರನೇ ವಸೂಲಿ.

ಅಂಗಡಿ ಕಡೆಯಿಂದ

ನಾನು ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಸೇಲ್ಸ್‌ನಲ್ಲಿ ಇರೋನು. ನಿಮ್ಮ ಮಾವನ ಮನೆ ಫ್ರಿಜ್ ಮೊದಲ ವರ್ಷದಲ್ಲೇ ಇತ್ತೇನೋ ನೋಡಿ. ಮೊದಲ ವರ್ಷ ಗ್ಯಾಸ್, ಲೇಬರ್ ಎಲ್ಲ ಫ್ರೀ. ಅದಾದ ಮೇಲೆ ಹೆಚ್ಚಿನ ಕಂಪನಿಗಳ ಕಾರ್ಡಿನಲ್ಲೂ ವೀಣಾ ಅವರು ಬರೆದಿರೋ ಹಾಗೇ ಇರುತ್ತದೆ. ಒಂದೊಂದು ಮಾಡೆಲ್‌ಗೆ ಮಾತ್ರ ಬೇರೆ ಸ್ಕೀಮ್ ಇರಬಹುದು. ಅಂಗಡಿಯಲ್ಲಿ ನಾವೂ "ಹತ್ತು ವರ್ಷ ವಾರಂಟಿ ಸರ್" ಅಂತಲೇ ಮಾರೋದು. ಅದರಲ್ಲಿ ಏನೇನು ಬರಲ್ಲ ಅಂತ ಗಿರಾಕಿ ಕೇಳಲ್ಲ, ನಾವು ಹೇಳಲ್ಲ. ಇದ್ದದ್ದನ್ನ ಹೇಳಿದೆ, ಬೈಬೇಡಿ.

ಹುಬ್ಬಳ್ಳಿ ಹುಡುಗ

ಹಂಗಾರೆ ಮೊದಲನೇ ವರ್ಷದಲ್ಲೇ ಇರಬಹುದು, ವಿಚಾರಿಸ್ತೀನಿ. ಆದ್ರೂ ಸ್ಟಿಕ್ಕರ್ ಮೇಲೆ ಒಂದು, ಕಾರ್ಡ್ ಒಳಗೆ ಇನ್ನೊಂದು ಬರೆಯೋದು ಮೋಸನೇ.

ಪಾನಾ ಪರಮೇಶಿ

ಹನ್ನೆರಡು ವರ್ಷ ಒಂದು ಸರ್ವಿಸ್ ಸೆಂಟರ್‌ನಲ್ಲಿ ಫ್ರಿಜ್, ಎಸಿ ಮಾಡಿದ್ದೇನೆ. ಈಗ ದಾವಣಗೆರೆಯಲ್ಲಿ ಸ್ವಂತ ಅಂಗಡಿ. ದುಡ್ಡು ಕೊಡಬೇಕಾ ಬೇಡವಾ ಅನ್ನೋದಕ್ಕೆ ಮುಂಚೆ ಇನ್ನೊಂದು ವಿಷಯ ಇದೆ, ಅದನ್ನ ಯಾರೂ ಕೇಳಲಿಲ್ಲ. ಹೋಗಿರೋದು ಏನು?

ವಾರಂಟಿ ಕಾರ್ಡ್ ಓದುವಾಗ ಒಂದು ತಲೆಯಲ್ಲಿ ಇಟ್ಟುಕೊಳ್ಳಿ. "ತಣ್ಣಗಾಗುತ್ತಿಲ್ಲ" ಅನ್ನೋದಕ್ಕೆ ಕಾರ್ಡಿನಲ್ಲಿ ಜಾಗ ಇಲ್ಲ. ಅಲ್ಲಿ ಇರೋದು ಬಿಡಿಭಾಗದ ಹೆಸರು ಮಾತ್ರ. ಹಾಗಾಗಿ ಯಾವ ಭಾಗ ಹಾಳಾಗಿದೆ ಅಂತ ಜಾಬ್ ಶೀಟ್‌ನಲ್ಲಿ ಬರೆಯೋವರೆಗೆ ವಾರಂಟಿ ಇದೆಯೋ ಇಲ್ಲವೋ ಅಂತ ಹೇಳೋಕೇ ಆಗಲ್ಲ.

ನಿಮ್ಮ ಎಸ್ಟಿಮೇಟ್ ನೋಡಿ. "ಗ್ಯಾಸ್ ಹೋಗಿದೆ" ಅಂದರೆ ಎಲ್ಲೋ ಲೀಕ್ ಇದೆ. ಫ್ರಿಜ್‌ನ ಗ್ಯಾಸ್ ಪೆಟ್ರೋಲ್ ಥರ ಖರ್ಚಾಗಿ ಮುಗಿಯೋದಲ್ಲ, ಮುಚ್ಚಿದ ಪೈಪ್ ಒಳಗೆ ಸುತ್ತುತ್ತಲೇ ಇರುತ್ತದೆ. ಕಡಿಮೆ ಆಯ್ತು ಅಂದರೆ ತೂತು ಇರಲೇಬೇಕು. ಎಲ್ಲಿ ತೂತು ಅಂತ ಆ ಹುಡುಗ ಹೇಳಿಲ್ಲ. ಲೀಕ್ ಪೈಪಿನಲ್ಲಿ ಇದ್ದರೆ ಕಂಪ್ರೆಸರ್ ಚೆನ್ನಾಗಿಯೇ ಇದೆ, ಬದಲಾಯಿಸೋದು ಯಾಕೆ? ಅಥವಾ ಕಂಪ್ರೆಸರೇ ಕೆಟ್ಟಿದ್ದರೆ ಗ್ಯಾಸ್ ಹೋಗಿದೆ ಅಂತ ಯಾಕೆ ಹೇಳಬೇಕು? ಎರಡೂ ಒಟ್ಟಿಗೆ ಆಗೋದು ಅಪರೂಪ. ಪೂರ್ತಿ ಚೆಕ್ ಮಾಡದೆ ಇದ್ದಾಗ ಎರಡನ್ನೂ ಸೇರಿಸಿ ಹೇಳೋದು ಒಂದು ಅಭ್ಯಾಸ.

ಮೂರು ವಿಷಯ ನೋಡಿ ಹೇಳಿ. ಮೇಲಿನ ಫ್ರೀಜರ್‌ನಲ್ಲಿ ಐಸ್ ಆಗುತ್ತಿದೆಯಾ? ಫ್ರಿಜ್‌ನ ಎರಡು ಪಕ್ಕದ ಗೋಡೆ ಮುಟ್ಟಿದರೆ ಬೆಚ್ಚಗಿದೆಯಾ? ಫ್ರೀಜರ್ ಒಳಗೆ ಹಿಂದಿನ ಪ್ಲಾಸ್ಟಿಕ್ ಗೋಡೆ ಮೇಲೆ ಹಿಮ ಕೂತಿದೆಯಾ?

ವೀಣಾ_ತುಮಕೂರು

ಸರ್, ಫ್ರೀಜರ್‌ನಲ್ಲಿ ಐಸ್ ಕ್ಯೂಬ್ ಆಗುತ್ತಿದೆ, ಸ್ವಲ್ಪ ನಿಧಾನ. ಪಕ್ಕದ ಗೋಡೆ ಬೆಚ್ಚಗಿದೆ. ಹಿಂದಿನ ಗೋಡೆ ಮೇಲೆ ಬಿಳಿ ಹಿಮ ದಪ್ಪಗೆ ಕೂತಿದೆ, ಗಾಳಿ ಬರೋ ಸಂದಿಗಳೇ ಕಾಣುತ್ತಿಲ್ಲ. ನಮ್ಮ ಯಜಮಾನರು ಚಾಕು ತಗೊಂಡು ಕೆರೆಯೋಕೆ ಹೋಗಿದ್ದರು, ನಾನೇ ಬೇಡ ಅಂದೆ.

ಪಾನಾ ಪರಮೇಶಿ

ದೇವರೇ, ಚಾಕು ಮಾತ್ರ ಬೇಡ! ಆ ಪ್ಲಾಸ್ಟಿಕ್ ಹಿಂದೆ ಅಲ್ಯೂಮಿನಿಯಂ ಕಾಯಿಲ್ ಇದೆ. ಚಾಕು ತಾಗಿದರೆ ಆವಾಗ ನಿಜವಾಗಲೂ ಗ್ಯಾಸ್ ಹೋಗುತ್ತದೆ. ಚೂಪಾದ ವಸ್ತುವಿನಿಂದ ತೂತು ಆಗಿದೆ ಅಂತ ಟೆಕ್ನಿಷಿಯನ್ ಫೋಟೋ ಹೊಡೆದರೆ ಮೊದಲ ವರ್ಷದ ಪೂರ್ತಿ ವಾರಂಟಿಯಲ್ಲೂ ಒಂದು ಪೈಸೆ ಸಿಗಲ್ಲ. ಗ್ರಾಹಕರಿಂದ ಆದ ಹಾನಿ ಅನ್ನೋ ಷರತ್ತು ಎಲ್ಲ ಕಾರ್ಡಿನಲ್ಲೂ ಇರುತ್ತದೆ. ನಾನು ಇದ್ದಷ್ಟು ದಿನ ಆ ಷರತ್ತಿನಲ್ಲಿ ವಾಪಸ್ ಕಳಿಸಿದ ಕೇಸ್‌ಗಳಲ್ಲಿ ಚಾಕು, ಸ್ಕ್ರೂಡ್ರೈವರ್ ಕೇಸೇ ಜಾಸ್ತಿ. ಅಲ್ಲದೆ ಈಗಿನ ಫ್ರಿಜ್‌ಗಳಲ್ಲಿ ಇರೋದು ಹೆಚ್ಚಾಗಿ ಆರ್-600ಎ, ಅದು ಬೆಂಕಿ ಹತ್ತಿಕೊಳ್ಳೋ ಗ್ಯಾಸ್.

ಈಗ ನಿಮ್ಮ ವಿಷಯ. ಪಕ್ಕದ ಗೋಡೆ ಬೆಚ್ಚಗಿದೆ ಅಂದರೆ ಕಂಪ್ರೆಸರ್ ಒತ್ತುತ್ತಿದೆ, ಗ್ಯಾಸ್ ಸುತ್ತುತ್ತಿದೆ. ಒಳಗಿನ ಬಿಸಿಯನ್ನ ಹೊರಗೆ ಬಿಡೋ ಪೈಪ್ ಆ ಗೋಡೆ ಒಳಗೇ ಇರೋದು. ಗ್ಯಾಸ್ ಹೋಗಿದ್ದರೆ ಗೋಡೆ ತಣ್ಣಗಿರಬೇಕಿತ್ತು, ಫ್ರೀಜರ್‌ನಲ್ಲೂ ಐಸ್ ಆಗಬಾರದಿತ್ತು. ಹಿಮವೂ ಕಾಯಿಲ್‌ನ ಒಂದು ಮೂಲೆಯಲ್ಲಿ ಮಾತ್ರ ಕೂರುತ್ತದೆ, ಗೋಡೆ ತುಂಬಾ ಅಲ್ಲ.

ನನಗೆ ಇದು ಡೀಫ್ರಾಸ್ಟ್ ತೊಂದರೆ ಅನ್ನಿಸುತ್ತದೆ. ಫ್ರಾಸ್ಟ್ ಫ್ರೀ ಫ್ರಿಜ್‌ನಲ್ಲಿ ಕಾಯಿಲ್ ಕೆಳಗೆ ಒಂದು ಹೀಟರ್ ಇರುತ್ತದೆ. ಆಗಾಗ ಆನ್ ಆಗಿ ಹಿಮ ಕರಗಿಸುತ್ತದೆ, ನೀರು ಹಿಂದಿನ ಟ್ರೇಗೆ ಇಳಿಯುತ್ತದೆ. ಹೀಟರ್ ಸುಟ್ಟರೆ, ಅಥವಾ ಅದರ ಸೆನ್ಸರ್ ಇಲ್ಲವೇ ಫ್ಯೂಸ್ ಹೋದರೆ, ಹಿಮ ಬೆಳೆದು ಬೆಳೆದು ಗಾಳಿ ದಾರಿ ಮುಚ್ಚುತ್ತದೆ. ಫ್ಯಾನ್ ತಿರುಗಿದರೂ ತಣ್ಣನೆ ಗಾಳಿ ಕೆಳಗೆ ಇಳಿಯಲ್ಲ. ಮೇಲೆ ಐಸ್, ಕೆಳಗೆ ಬಿಸಿ.

ಖಾತ್ರಿ ಮಾಡಿಕೊಳ್ಳೋದು ಸುಲಭ. ಪ್ಲಗ್ ತೆಗೆದು, ಎರಡೂ ಬಾಗಿಲು ತೆಗೆದಿಟ್ಟು, ಕೆಳಗೆ ಹಳೇ ಬಟ್ಟೆ ಹಾಸಿ ಒಂದು ಇಡೀ ದಿನ ಬಿಡಿ. ಒಳಗಿನ ಹಿಮ ಕರಗೋಕೆ ಅಷ್ಟು ಹೊತ್ತು ಬೇಕು. ಆಮೇಲೆ ಹಾಕಿ. ಕೆಲವು ದಿನ ಚೆನ್ನಾಗಿ ತಣ್ಣಗಾಗಿ ಮತ್ತೆ ಇದೇ ಕಥೆ ಆದರೆ ಡೀಫ್ರಾಸ್ಟೇ. ಗ್ಯಾಸ್ ಲೀಕ್ ಆದ ಫ್ರಿಜ್ ಹಿಮ ಕರಗಿಸಿದ ಮಾತ್ರಕ್ಕೆ ಸರಿಹೋಗಲ್ಲ.

ಬೇಜಾರಿನ ಸಂಗತಿನೂ ಹೇಳಿಬಿಡ್ತೀನಿ. ಡೀಫ್ರಾಸ್ಟ್ ಹೀಟರ್ ನಿಮ್ಮ 9 ವರ್ಷದ ವಾರಂಟಿಯಲ್ಲಿ ಬರಲ್ಲ. ಆದರೆ ಅದರ ಖರ್ಚು 5,782ರ ಹತ್ತಿರಕ್ಕೂ ಹೋಗಲ್ಲ.

ಮೈಸೂರು ಮೇಷ್ಟ್ರು

ನಮ್ಮ ವಾಷಿಂಗ್ ಮೆಷಿನ್‌ಗೂ ಇದೇ ಥರ 10 ವರ್ಷ ಅಂತ ಬರೆದಿದ್ದಾರೆ. ನಮ್ಮದು ಬೋರ್‌ವೆಲ್ ನೀರು. ಒಳಗೆ ಬಿಳಿ ಪದರ ಕೂತು ನೀರು ಬಿಸಿಯಾಗುತ್ತಿಲ್ಲ. ಇದಕ್ಕೂ ಒಂದು ದಿನ ಬಾಗಿಲು ತೆಗೆದಿಡಬೇಕೇ?

ಪಾನಾ ಪರಮೇಶಿ

ಅಯ್ಯೋ ಇಲ್ಲ ಮೇಷ್ಟ್ರೇ, ಅದು ಫ್ರಿಜ್‌ಗೆ ಹೇಳಿದ್ದು. ನಿಮ್ಮದರಲ್ಲಿ 10 ವರ್ಷ ಇರೋದು ಮೋಟಾರ್‌ಗೆ ಇರಬೇಕು. ನೀರು ಬಿಸಿ ಮಾಡೋ ಹೀಟರ್ ಬೇರೆ, ಅದಕ್ಕೆ ಶುರುವಿನ ಪೂರ್ತಿ ವಾರಂಟಿ ಅವಧಿ ಅಷ್ಟೇ. ಗಡಸು ನೀರಿನ ಸುಣ್ಣ ಕಟ್ಟಿ ಹಾಳಾದರೆ ಅದೂ ಇಲ್ಲ ಅಂತ ಸುಮಾರು ಕಾರ್ಡುಗಳಲ್ಲಿ ಇರುತ್ತದೆ. ನಿಮ್ಮ ಕಾರ್ಡಿನ "ಇವು ಒಳಗೊಂಡಿಲ್ಲ" ಅನ್ನೋ ಭಾಗ ಟೈಪ್ ಮಾಡಿ ಹಾಕಿ, ನೋಡೋಣ.

ಕಡಲತಡಿ

ಮಧ್ಯೆ ಬಾಯಿ ಹಾಕ್ತೇನೆ. ನಾವು ದುಬೈಯಿಂದ ಮಂಗಳೂರಿಗೆ ವಾಪಸು ಬರುವಾಗ ಅಲ್ಲಿನ ಫ್ರಿಜ್ ತಂದದ್ದು. ಕಂಪನಿ ಇಲ್ಲೂ ಇದೆ, ಮಾಡೆಲ್ ಮಾತ್ರ ಇಲ್ಲಿ ಮಾರುವುದಿಲ್ಲ. ಕಂಪ್ಲೇಂಟ್ ಕೊಟ್ಟರೆ ಸೀರಿಯಲ್ ನಂಬರ್ ಸಿಸ್ಟಮ್ಮಿನಲ್ಲೇ ಇಲ್ಲ ಅಂದರು. ಕಾರ್ಡ್ ನೋಡಿದರೆ ಕೊಂಡ ದೇಶದಲ್ಲಿ ಮಾತ್ರ ವಾರಂಟಿ ಅಂತ ಉಂಟು. ಗಲ್ಫಿನಿಂದ ಸಾಮಾನು ತರುವವರು ಇದೊಂದು ಲೈನ್ ಮೊದಲೇ ನೋಡಿಕೊಳ್ಳಿ.

ಹುಬ್ಬಳ್ಳಿ ಹುಡುಗ

ಪರಮೇಶಿ ಅಣ್ಣ, ಸ್ಟೆಬಿಲೈಜರ್ ಹಾಕಿಲ್ಲ ಅಂದ್ರೆ ವಾರಂಟಿ ಕ್ಯಾನ್ಸಲ್ ಅಲ್ವಾ? ವೀಣಾ ಮೇಡಂ ಹಾಕಿದಾರೋ ಇಲ್ವೋ. ಅವರು ಅದನ್ನೇ ಹಿಡಿದುಕೊಂಡ್ರೆ?

ಪಾನಾ ಪರಮೇಶಿ

ಹಾಕಿಲ್ಲ ಅಂದ ಮಾತ್ರಕ್ಕೆ ಕ್ಯಾನ್ಸಲ್ ಅಲ್ಲ ಗುರು. ಕಾರ್ಡಿನಲ್ಲಿ ಸಾಮಾನ್ಯವಾಗಿ ಇರೋದು "ವೋಲ್ಟೇಜ್ ಏರುಪೇರಿನಿಂದ ಆದ ಹಾನಿ" ಅಂತ. ಹಾನಿ ಅದರಿಂದಲೇ ಆಗಿರಬೇಕು. ಬಾಗಿಲಿನ ರಬ್ಬರ್ ಸಡಿಲವಾಗಿದ್ದಕ್ಕೆ ವೋಲ್ಟೇಜ್ ಕಾರಣ ಅಂತ ಹೇಳೋಕಾಗಲ್ಲ.

ವೋಲ್ಟೇಜ್ ಏಟು ಬಿದ್ದರೆ ಗುರುತು ಇರುತ್ತದೆ. ಫ್ರಿಜ್ ಹಿಂದಿನ ಕವರ್ ಬಿಚ್ಚಿ ಪಿಸಿಬಿ ಅನ್ನೋ ಎಲೆಕ್ಟ್ರಾನಿಕ್ ಬೋರ್ಡ್ ನೋಡಿದರೆ ಕರೆಂಟ್ ಒಳಗೆ ಬರೋ ಕಡೆ ಒಂದು ಸಣ್ಣ ಬಿಲ್ಲೆ ಇರುತ್ತದೆ, ಹೆಚ್ಚಾಗಿ ನೀಲಿ ಬಣ್ಣ, ಹುಣಸೆ ಬೀಜದಷ್ಟು. ಜಾಸ್ತಿ ವೋಲ್ಟೇಜ್ ಬಂದಾಗ ಅದು ಮೊದಲು ಸಿಡಿಯುತ್ತದೆ, ಪಕ್ಕದ ಫ್ಯೂಸ್ ಕಪ್ಪಾಗುತ್ತದೆ, ಬೋರ್ಡ್ ಮೇಲೆ ಮಸಿ. "ವೋಲ್ಟೇಜ್" ಅಂತ ಬರೆದು ವಾರಂಟಿ ನಿರಾಕರಿಸಿದರೆ ಆ ಜಾಗ ತೋರಿಸಿ ಅನ್ನಿ, ನೀವೂ ಒಂದು ಫೋಟೋ ತೆಗೆದಿಟ್ಟುಕೊಳ್ಳಿ. ಇಲಿ ಕಡಿದಿದೆ ಅಂದರೂ ಅಷ್ಟೇ, ಕಡಿದ ವೈರ್ ತೋರಿಸಲಿ. ಮಳೆಗಾಲದಲ್ಲಿ ಹಿಂದೆ ಬೆಚ್ಚಗಿರುತ್ತದೆ ಅಂತ ಇಲಿ ಸೇರಿಕೊಳ್ಳೋದು ನಿಜ, ಆದರೆ ಎಲ್ಲದಕ್ಕೂ ಇಲಿ ಕಾರಣ ಅಲ್ಲ.

ಅಂದ ಹಾಗೆ ಇನ್ವರ್ಟರ್ ಫ್ರಿಜ್ ಇರೋರಿಗೆ ಇದು ಮುಖ್ಯ. ಕಂಪ್ರೆಸರ್‌ನ್ನ ಓಡಿಸೋದೇ ಆ ಪಿಸಿಬಿ. ಪಿಸಿಬಿ ಹೋದರೆ ಲೈಟ್ ಉರಿಯುತ್ತಿದ್ದರೂ ಕಂಪ್ರೆಸರ್ ಸದ್ದೇ ಮಾಡದೆ ಇರಬಹುದು. ನೋಡೋರಿಗೆ ಕಂಪ್ರೆಸರ್ ಸತ್ತ ಹಾಗೇ. ಆದರೆ ವಾರಂಟಿಯಲ್ಲಿ ಪಿಸಿಬಿ ಎಲೆಕ್ಟ್ರಿಕಲ್ ಭಾಗ, ಮೊದಲ ವರ್ಷ ಮುಗಿದ ಮೇಲೆ ನಿಮ್ಮ ಖರ್ಚು. "10 ವರ್ಷ ಅಂದ್ರಿ, ಈಗ ದುಡ್ಡು ಕೇಳ್ತೀರಾ" ಅಂತ ನಮ್ಮ ಮೇಲೆ ಕೂಗಾಡಿದೋರಲ್ಲಿ ಅರ್ಧ ಜನ ಪಿಸಿಬಿ ಕೇಸಿನೋರೇ.

ಅಂಗಡಿ ಕಡೆಯಿಂದ

ಈಗ ಕೆಲವು ಕಂಪನಿ ಪಿಸಿಬಿಗೂ ಹೆಚ್ಚಿನ ವರ್ಷ ಕೊಡುತ್ತಿವೆ, ಮಾಡೆಲ್ ನೋಡಿ. ಮತ್ತೆ ಅಂಗಡಿಯಲ್ಲಿ ಮಾರೋ ಎಕ್ಸ್‌ಟೆಂಡೆಡ್ ವಾರಂಟಿ ಬಗ್ಗೆ ಒಂದು ಮಾತು. ಅದು ಎಷ್ಟೋ ಸಲ ಫ್ರಿಜ್ ಕಂಪನಿಯದಲ್ಲ, ಬೇರೆ ಕಂಪನಿಯದು. ಅದಕ್ಕೆ ಬೇರೆ ಕಾಗದ, ಬೇರೆ ನಂಬರ್. ಫ್ರಿಜ್ ಕಂಪನಿಗೆ ಫೋನ್ ಮಾಡಿ ರಿಪೇರಿ ಮಾಡಿಸಿ, ಆಮೇಲೆ ಬಿಲ್ ಕೊಟ್ಟು ದುಡ್ಡು ಕೇಳಿದರೆ ಕ್ಲೇಮ್ ಹೋಗಿಬಿಡುತ್ತದೆ. ಮುಂಚೆ ಅವರಿಗೆ ಹೇಳಿ, ಅವರು ಕಳಿಸಿದ ಮೆಕ್ಯಾನಿಕ್ಕೇ ಮುಟ್ಟಬೇಕು ಅಂತ ಷರತ್ತು ಇರುತ್ತದೆ. ವೀಣಾ ಮೇಡಂ, ನಿಮ್ಮ ಬಿಲ್‌ನಲ್ಲಿ ಫ್ರಿಜ್ ಬಿಟ್ಟು ಎರಡನೇ ಲೈನ್ ಏನಾದರೂ ಇದೆಯಾ ನೋಡಿ. ಎಷ್ಟೋ ಜನ ದುಡ್ಡು ಕಟ್ಟಿರೋದೇ ಗೊತ್ತಿರಲ್ಲ.

ವೀಣಾ_ತುಮಕೂರು

ಇಲ್ಲ ಸರ್, ಫ್ರಿಜ್ ಒಂದೇ ಇದೆ. ಪರಮೇಶಿ ಅವರು ಹೇಳಿದಂತೆ ಇವತ್ತು ಪ್ಲಗ್ ತೆಗೆದಿದ್ದೇನೆ. ಹಾಲು, ಮೊಸರು ಎಲ್ಲ ಪಕ್ಕದ ಮನೆ ಆಂಟಿ ಫ್ರಿಜ್‌ಗೆ ಹೋಗಿದೆ.

ಇನ್ನೊಂದು ಚಿಂತೆ. ನಾನು ಮನೆಯಲ್ಲೇ ಆರ್ಡರ್ ತೆಗೆದುಕೊಂಡು ಕೇಕ್, ಹೋಳಿಗೆ ಮಾಡಿ ಕೊಡುತ್ತೇನೆ. ಟೆಕ್ನಿಷಿಯನ್ ಕೇಕ್ ಡಬ್ಬಗಳನ್ನ ನೋಡಿ "ಕಮರ್ಷಿಯಲ್ ಯೂಸಾ ಮೇಡಂ?" ಅಂತ ಕೇಳಿದರು. ನಾನು ಏನೂ ಹೇಳಲಿಲ್ಲ. ಕಾರ್ಡಿನಲ್ಲಿ ವಾಣಿಜ್ಯ ಬಳಕೆಗೆ ವಾರಂಟಿ ಇಲ್ಲ ಅಂತ ಇದೆ.

ಕೋರ್ಟ್ ಹಾಲ್ 3

ಗ್ರಾಹಕರ ಆಯೋಗದಲ್ಲಿ ಕೇಸ್ ನಡೆಸೋ ವಕೀಲ ನಾನು. ಈ ಪ್ರಶ್ನೆಯಲ್ಲಿ ಎರಡು ಬೇರೆ ಬೇರೆ ವಿಷಯ ಇವೆ.

2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ, ವ್ಯಾಪಾರದ ಉದ್ದೇಶಕ್ಕೆ ಕೊಂಡವರು ಗ್ರಾಹಕರಲ್ಲ. ಆದರೆ ಸ್ವಂತ ದುಡಿಮೆಯಿಂದ ಹೊಟ್ಟೆಪಾಡಿಗೆ ಮಾತ್ರ ಬಳಸಿದರೆ ಅದು ವ್ಯಾಪಾರದ ಉದ್ದೇಶ ಅಲ್ಲ ಅಂತ ಕಾಯ್ದೆಯೇ ವಿವರಣೆ ಕೊಟ್ಟಿದೆ. ಹಾಗಾಗಿ ಮನೆಯಲ್ಲಿ ಹೋಳಿಗೆ ಮಾಡಿ ಮಾರುವ ಕಾರಣಕ್ಕೆ ನಿಮ್ಮ ದೂರನ್ನು ಆಯೋಗ ಬಾಗಿಲಲ್ಲೇ ತಳ್ಳಿಹಾಕಲಿಕ್ಕಿಲ್ಲ.

ವಾರಂಟಿ ಕಾರ್ಡಿನ ಷರತ್ತು ಬೇರೆ. ಅದು ನಿಮ್ಮ ಮತ್ತು ಕಂಪನಿಯ ನಡುವಿನ ಒಪ್ಪಂದ. "ವಾಣಿಜ್ಯ ಬಳಕೆ" ಅಂದರೆ ಏನು ಅಂತ ಕಾರ್ಡಿನಲ್ಲಿ ಬಿಡಿಸಿ ಬರೆದಿದ್ದರೆ ಅದು ನಡೆಯುತ್ತದೆ. ಸುಮ್ಮನೆ ಎರಡು ಪದ ಬರೆದು ಬಿಟ್ಟಿದ್ದರೆ ವಾದಕ್ಕೆ ಜಾಗ ಇದೆ. ಮನೆ ಅಡುಗೆಮನೆಯಲ್ಲಿ, ಮನೆಯವರೇ ಬಳಸುವ ಫ್ರಿಜ್ ಅಂತ ನಾನಾದರೆ ವಾದ ಮಾಡುತ್ತೇನೆ. ಗೆದ್ದೇ ಗೆಲ್ಲುತ್ತೀರಿ ಅಂತ ಮಾತ್ರ ಹೇಳಲಾರೆ.

ಪಾನಾ ಪರಮೇಶಿ

ವಕೀಲರು ಕಾನೂನು ಹೇಳಿದರು, ನಾನು ನಡೆಯೋದನ್ನ ಹೇಳ್ತೀನಿ. ಬೇಕರಿ, ಪಿಜಿ, ಮೆಡಿಕಲ್ ಶಾಪ್ ಒಳಗೆ ಫ್ರಿಜ್ ಇದ್ದರೆ ನಾವು ಕಮರ್ಷಿಯಲ್ ಅಂತ ಬರೆಯುತ್ತಿದ್ವಿ. ಬಿಲ್ ಅಂಗಡಿ ಹೆಸರಲ್ಲಿ, ಜಿಎಸ್‌ಟಿ ನಂಬರ್ ಹಾಕಿ ಇದ್ದರೂ ಅಷ್ಟೇ. ಮನೆ ಅಡುಗೆಮನೆಯಲ್ಲಿ ಇದ್ದ ಫ್ರಿಜ್‌ಗೆ ಹಾಗೆ ಬರೆದಿದ್ದು ನೆನಪಿಲ್ಲ. ಆದರೂ ಹುಡುಗ ಕೇಳಿದಾನೆ ಅಂದರೆ ಹುಷಾರು. ಸಹಿ ಮಾಡೋಕೆ ಮುಂಚೆ ಜಾಬ್ ಶೀಟ್‌ನಲ್ಲಿ ಏನು ಬರೆದಿದ್ದಾನೆ ಓದಿ.

ಕೋರ್ಟ್ ಹಾಲ್ 3

ನಾನೂ ಅದಕ್ಕೇ ಬರುತ್ತಿದ್ದೆ. ನನ್ನ ಹತ್ತಿರ ಬರುವವರಲ್ಲಿ ಹೆಚ್ಚಿನವರ ಕೈಯಲ್ಲಿ ಏನೂ ಇರುವುದಿಲ್ಲ. "ಟೆಕ್ನಿಷಿಯನ್ ಹೀಗಂದ, ಕಸ್ಟಮರ್ ಕೇರ್‌ನವಳು ಹಾಗಂದಳು" ಅನ್ನುತ್ತಾರೆ. ಬಾಯಿಮಾತಿನಿಂದ ಆಗುವುದಿಲ್ಲ. ಬಿಲ್, ಸೀರಿಯಲ್ ನಂಬರ್, ಕಂಪ್ಲೇಂಟ್ ನಂಬರ್, ಯಾವ ಭಾಗ ಹಾಳಾಗಿದೆ ಅಂತ ಬರೆದ ಜಾಬ್ ಶೀಟ್, ವಾರಂಟಿ ಕೊಡುವುದಿಲ್ಲ ಎಂದಿದ್ದರೆ ಕಾರ್ಡಿನ ಯಾವ ಷರತ್ತಿನ ಪ್ರಕಾರ ಅಂತ ಬರೆದ ಉತ್ತರ. ಇವು ಇದ್ದರೆ ಕೆಲಸ ಅರ್ಧ ಆದಂತೆ. ಕೊನೆಯದನ್ನು ಅವರು ತಾವಾಗಿ ಕೊಡುವುದಿಲ್ಲ. ಇಮೇಲ್ ಬರೆದು ಕೇಳಬೇಕು.

ವೀಣಾ_ತುಮಕೂರು

ಕಂಪ್ರೆಸರೇ ಹೋಗಿದೆ ಅಂತ ಆದರೆ ಏನು ಮಾಡಬೇಕು? ಮೊದಲಿಂದ ಹೇಳಿ ಸರ್, ನನ್ನ ಥರದೋರಿಗೆ ಉಪಯೋಗ ಆಗುತ್ತೆ.

ಪಾನಾ ಪರಮೇಶಿ

ಹೇಳ್ತೀನಿ ಅಕ್ಕ, ಸ್ವಲ್ಪ ಉದ್ದ ಆಗುತ್ತೆ.

ನಂಬರ್ ಮೊದಲು. ಗೂಗಲ್‌ನಲ್ಲಿ "ಕಸ್ಟಮರ್ ಕೇರ್" ಅಂತ ಹುಡುಕಿ ಸಿಕ್ಕ ನಂಬರ್‌ಗೆ ಫೋನ್ ಮಾಡಬೇಡಿ. ಕಂಪನಿ ಹೆಸರು ಹಾಕಿಕೊಂಡು ಕೂತ ಹೊರಗಿನವರ ನಂಬರ್ ಅಲ್ಲಿ ಬೇಕಾದಷ್ಟು ಇವೆ. ಅವರು ಬಂದು ಬಿಚ್ಚಿದರೆ "ಅಧಿಕೃತರಲ್ಲದವರು ರಿಪೇರಿ ಮಾಡಿದ್ದಾರೆ" ಅಂತ ಉಳಿದ ವಾರಂಟಿನೂ ಹೋಗುತ್ತದೆ. ಕಾರ್ಡಿನಲ್ಲಿ ಅಥವಾ ಕಂಪನಿಯ ಸ್ವಂತ ವೆಬ್‌ಸೈಟಿನಲ್ಲಿ ಇರೋ ನಂಬರ್ ಮಾತ್ರ. ಮಾಡೆಲ್ ಮತ್ತು ಸೀರಿಯಲ್ ನಂಬರ್ ಸ್ಟಿಕ್ಕರ್ ಫ್ರಿಜ್ ಒಳಗಿನ ಪಕ್ಕದ ಗೋಡೆ ಮೇಲೆ, ತರಕಾರಿ ಟ್ರೇ ಹತ್ತಿರ ಇರಬಹುದು, ಇಲ್ಲಾಂದ್ರೆ ಹಿಂದೆ. ಅದರ ಫೋಟೋ ಈಗಲೇ ತೆಗೆದಿಟ್ಟುಕೊಳ್ಳಿ. ಆ ಸ್ಟಿಕ್ಕರ್ ಕಿತ್ತುಹೋದರೆ ವಾರಂಟಿ ಕೊಡಲ್ಲ ಅಂತಲೂ ಕಾರ್ಡಿನಲ್ಲಿ ಇರುತ್ತದೆ. ಒರೆಸಿ ಒರೆಸಿ ಅಕ್ಷರ ಅಳಿಸಿಹಾಕಿರೋ ಮನೆಗಳನ್ನ ನೋಡಿದ್ದೇನೆ.

ಕಂಪ್ಲೇಂಟ್ ಕೊಡುವಾಗ "ತಣ್ಣಗಾಗುತ್ತಿಲ್ಲ" ಅಂತ ಮಾತ್ರ ಹೇಳಿ. "ಗ್ಯಾಸ್ ಹೋಗಿದೆ" ಅಂತ ನೀವೇ ಹೇಳಿದರೆ ಅವರು ಅದನ್ನೇ ಟೈಪ್ ಮಾಡುತ್ತಾರೆ, ಬರೋನೂ ಅದನ್ನೇ ಓದಿಕೊಂಡು ಬರುತ್ತಾನೆ.

ಟೆಕ್ನಿಷಿಯನ್ ಬಂದಾಗ ಹತ್ತಿರ ನಿಂತಿರಿ. ಕಂಪ್ರೆಸರ್ ಹೋಗಿದೆ ಅಂದರೆ ಹೇಗೆ ಗೊತ್ತಾಯ್ತು ಅಂತ ಕೇಳಿ. ಇನ್ವರ್ಟರ್ ಕಂಪ್ರೆಸರ್‌ಗೆ ಮೂರು ಪಿನ್ ಇರುತ್ತದೆ. ಮೀಟರ್ ಇಟ್ಟು ಎರಡೆರಡು ಪಿನ್ ನಡುವೆ ನೋಡಿದರೆ ಮೂರು ಸಲವೂ ಹೆಚ್ಚುಕಮ್ಮಿ ಒಂದೇ ರೀಡಿಂಗ್ ಬರಬೇಕು. ಒಂದು ಕಡೆ ಬರಲೇ ಇಲ್ಲ ಅಂದರೆ ಒಳಗಿನ ವೈಂಡಿಂಗ್ ಹೋಗಿದೆ, ಕಂಪ್ರೆಸರ್ ಕ್ಲೇಮ್ ಗಟ್ಟಿ. ಮೂರೂ ಸರಿ ಇದ್ದರೆ ಮೊದಲು ಪಿಸಿಬಿ ಕಡೆ ನೋಡಬೇಕು. ಅವನು ಮೀಟರೇ ಹೊರಗೆ ತೆಗೆಯದೆ ಕಂಪ್ರೆಸರ್ ಹೋಗಿದೆ ಅಂದರೆ ಇನ್ನೊಬ್ಬರನ್ನ ಕಳಿಸಿ ಅಂತ ಕೇಳಿ. ಆದರೆ ನೆನಪಿಡಿ, ಕಂಪ್ರೆಸರ್ ಒಳಗೇ ಸವೆದು ಒತ್ತಡ ಕಟ್ಟದೆ ಇದ್ದರೆ ಈ ಮೀಟರ್ ಲೆಕ್ಕದಲ್ಲಿ ಗೊತ್ತಾಗಲ್ಲ.

ಕಂಪ್ರೆಸರ್ ಬದಲಾಯಿಸಿದರೆ ಗ್ಯಾಸ್ ಹೊಸದಾಗಿ ತುಂಬಲೇಬೇಕು, ಅದು ನಿಮ್ಮ ಖರ್ಚು ಅಂತ ನಿಮ್ಮ ಕಾರ್ಡ್ ಹೇಳುತ್ತದೆ. ಎಷ್ಟು ಗ್ಯಾಸ್ ಅಂತ ಆ ಮಾಡೆಲ್ ನಂಬರ್ ಸ್ಟಿಕ್ಕರ್ ಮೇಲೇ ಬರೆದಿರುತ್ತದೆ. ಆರ್-600ಎ ಆದರೆ ಕೆಲವೇ ಹತ್ತು ಗ್ರಾಂ. ವ್ಯಾಕ್ಯೂಮ್ ಮಾಡಿ, ತೂಕದ ಯಂತ್ರದ ಮೇಲೆ ಸಿಲಿಂಡರ್ ಇಟ್ಟು, ತೂಕ ನೋಡಿ ತುಂಬಬೇಕು. ಅಂದಾಜಿಗೆ ಬಿಟ್ಟರೆ ಜಾಸ್ತಿ ಆದರೂ ತೊಂದರೆ, ಕಡಿಮೆ ಆದರೂ ತೊಂದರೆ.

ಹೊಸ ಕಂಪ್ರೆಸರ್ ಹಾಕಿದರೆ ಮತ್ತೆ 10 ವರ್ಷ ಶುರು ಆಗಲ್ಲ. ಮೊದಲಿನದರಲ್ಲಿ ಉಳಿದಿದ್ದಷ್ಟೇ. ನಿಮ್ಮದಾದರೆ 2032ರ ಮಾರ್ಚ್‌ವರೆಗೆ. ಹಳೇ ಕಂಪ್ರೆಸರ್ ಕಂಪನಿಗೆ ಹೋಗುತ್ತದೆ, ಅದನ್ನ ಗುಜರಿಗೆ ಹಾಕೋ ಆಸೆ ಇಟ್ಟುಕೊಳ್ಳಬೇಡಿ.

ಕೊನೆಗೆ ಒಟಿಪಿ. ಕೆಲಸ ಮುಗಿಯಿತು ಅಂತ ಕಂಪ್ಲೇಂಟ್ ಮುಚ್ಚೋಕೆ ನಿಮ್ಮ ಫೋನ್‌ಗೆ ಒಂದು ನಂಬರ್ ಬರುತ್ತದೆ. "ಪಾರ್ಟ್ ಆರ್ಡರ್ ಮಾಡಬೇಕು, ಒಟಿಪಿ ಹೇಳಿ" ಅಂತ ಕೇಳುತ್ತಾರೆ. ಮೆಸೇಜ್ ಓದಿ. ಅದು ಮುಚ್ಚೋ ಒಟಿಪಿ ಆಗಿದ್ದರೆ ಫ್ರಿಜ್ ತಣ್ಣಗಾಗೋವರೆಗೆ ಕೊಡಬೇಡಿ. ಕೊಟ್ಟರೆ ಅವರ ಲೆಕ್ಕದಲ್ಲಿ ನಿಮ್ಮ ಫ್ರಿಜ್ ರಿಪೇರಿ ಆಗಿದೆ.

ಹುಬ್ಬಳ್ಳಿ ಹುಡುಗ

ಇಷ್ಟೆಲ್ಲ ಮಾಡಿದ್ರೂ ಕೇಳಲಿಲ್ಲ ಅಂದ್ರೆ? ಕಾರ್ಡ್ ಕೊನೇಲಿ "ದೆಹಲಿ ಕೋರ್ಟ್ ವ್ಯಾಪ್ತಿ" ಅಂತ ಇರ್ತದಲ್ಲ, ಒಂದು ಫ್ರಿಜ್‌ಗೋಸ್ಕರ ದಿಲ್ಲಿಗೆ ಹೋಗೋರು ಯಾರು?

ಕೋರ್ಟ್ ಹಾಲ್ 3

ದೆಹಲಿಗೆ ಹೋಗಬೇಕಾಗಿಲ್ಲ. 2019ರ ಕಾಯ್ದೆ 2020ರ ಜುಲೈನಲ್ಲಿ ಜಾರಿಗೆ ಬಂತು. ಅದರ ಪ್ರಕಾರ ದೂರುದಾರರು ವಾಸ ಮಾಡುವ ಅಥವಾ ಕೆಲಸ ಮಾಡುವ ಜಿಲ್ಲೆಯಲ್ಲೇ ದೂರು ಕೊಡಬಹುದು. ವೀಣಾ ಅವರು ತುಮಕೂರಿನ ಜಿಲ್ಲಾ ಆಯೋಗಕ್ಕೇ ಹೋಗಬಹುದು. ಕಾರ್ಡಿನ ಆ ಸಾಲು ಅವರನ್ನು ತಡೆಯುವುದಿಲ್ಲ.

ಅದಕ್ಕೂ ಮುಂಚೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ದಾಖಲಿಸಿ. ಅದು ಕೋರ್ಟ್ ಅಲ್ಲ, ಆದೇಶ ಕೊಡುವ ಅಧಿಕಾರ ಇಲ್ಲ. ಆದರೆ ದೂರು ಕಂಪನಿಗೆ ಹೋಗುತ್ತದೆ, ಇಷ್ಟು ಸಣ್ಣ ವಿಷಯಗಳು ಎಷ್ಟೋ ಸಲ ಅಲ್ಲೇ ಮುಗಿಯುತ್ತವೆ. ಆಗಲಿಲ್ಲ ಅಂದರೆ ಇ-ಜಾಗೃತಿ ಪೋರ್ಟಲ್‌ನಲ್ಲಿ ಆಯೋಗಕ್ಕೆ ದೂರು ಹಾಕಬಹುದು. ಕೊಟ್ಟ ಬೆಲೆ 5 ಲಕ್ಷದ ಒಳಗೆ ಇದ್ದರೆ ಶುಲ್ಕ ಇಲ್ಲ. ವಕೀಲರೂ ಬೇಕೇ ಬೇಕು ಅಂತಿಲ್ಲ, ನನ್ನ ಹೊಟ್ಟೆ ಮೇಲೆ ನಾನೇ ಹೊಡೆದುಕೊಳ್ಳುತ್ತಿದ್ದೇನೆ. ಕಾರಣ ಹುಟ್ಟಿದ ದಿನದಿಂದ 2 ವರ್ಷದ ಒಳಗೆ ಹಾಕಬೇಕು.

ಸ್ಟಿಕ್ಕರ್‌ನಲ್ಲಿ ದೊಡ್ಡದಾಗಿ 10 ವರ್ಷ, ಒಳಗೆ ಸಣ್ಣ ಅಕ್ಷರದಲ್ಲಿ ಎಲ್ಲ ಕಳೆಯುವುದು ಅನುಚಿತ ವ್ಯಾಪಾರ ಪದ್ಧತಿ ಅಂತ ವಾದ ಮಾಡಬಹುದು. ಕಾರ್ಡ್ ನಿಮ್ಮ ಕೈಗೆ ಸಿಕ್ಕಿತ್ತು, ಓದಬಹುದಿತ್ತು ಅಂತ ಎದುರಿನವರು ಹೇಳುತ್ತಾರೆ. ಸ್ಟಿಕ್ಕರ್‌ನಲ್ಲಿ "ಕಂಪ್ರೆಸರ್ ಮೇಲೆ" ಅಂತ ಬರೆದಿದೆಯಾ ಇಲ್ಲವಾ ಅನ್ನುವುದೂ ಮುಖ್ಯ.

ಪಾನಾ ಪರಮೇಶಿ

ವಕೀಲರೇ, ಇದೊಂದನ್ನ ಒಪ್ಪಲ್ಲ. ಎಲ್ಲ ಕಂಪನಿಯೂ ಇದನ್ನೇ ಮಾಡುತ್ತದೆ, ಕಾರ್ಡಿನಲ್ಲಿ ಬರೆದೂ ಇರುತ್ತದೆ. ಅದನ್ನ ಮೋಸ ಅಂದರೆ ಹೇಗೆ?

ಕೋರ್ಟ್ ಹಾಲ್ 3

ಎಲ್ಲರೂ ಮಾಡುತ್ತಾರೆ ಅನ್ನುವುದು ಕೋರ್ಟಿನಲ್ಲಿ ಉತ್ತರ ಅಲ್ಲ ಪರಮೇಶಿ ಅವರೇ. ಆದರೆ ನಿಮ್ಮ ಮಾತಿನಲ್ಲೂ ಹುರುಳಿದೆ, ಇದರ ಮೇಲೆ ಇಬ್ಬರೂ ಒಂದು ದಿನ ಕೂತು ಜಗಳ ಆಡಬಹುದು.

ವೀಣಾ_ತುಮಕೂರು

ಅಪ್‌ಡೇಟ್. ಹಿಮ ಕರಗಿದ ಮೇಲೆ ಫ್ರಿಜ್ ಹೊಸದರ ಥರ ತಣ್ಣಗಾಯಿತು. ಕೆಲವು ದಿನ ಬಿಟ್ಟು ಮತ್ತೆ ಹಿಮ, ಮತ್ತೆ ಕೆಳಗೆ ಬಿಸಿ. ಪರಮೇಶಿ ಅವರು ಹೇಳಿದ ಹಾಗೇ.

ಕಂಪನಿಗೆ ಇಮೇಲ್ ಬರೆದೆ. ಗ್ಯಾಸ್ ಲೀಕ್ ಅಂದಿದ್ದೀರಿ, ಎಲ್ಲಿ ಲೀಕ್ ಅಂತ ಬರೆದುಕೊಡಿ, ಕಂಪ್ರೆಸರ್‌ನ್ನ ಹೇಗೆ ಪರೀಕ್ಷೆ ಮಾಡಿದಿರಿ ಹೇಳಿ ಅಂತ. ಉತ್ತರ ಬರಲಿಲ್ಲ, ಬೇರೆ ಟೆಕ್ನಿಷಿಯನ್ ಬಂದರು. ಸ್ವಲ್ಪ ವಯಸ್ಸಾದವರು. ಫ್ರೀಜರ್ ಹಿಂದಿನ ಗೋಡೆ ಬಿಚ್ಚಿದರು. ಕಾಯಿಲ್ ಕಾಣಲೇ ಇಲ್ಲ, ಪೂರ್ತಿ ಐಸ್ ಗಡ್ಡೆ. ಕರಗಿಸಿ ಮೀಟರ್ ಇಟ್ಟು ನೋಡಿ, ಹೀಟರ್ ಸುಟ್ಟಿದೆ ಅಂತ ತೋರಿಸಿದರು. ಹೀಟರ್ ಮತ್ತು ಸೆನ್ಸರ್ 1,150, ಲೇಬರ್ 450, ಜಿಎಸ್‌ಟಿ ಸೇರಿ 1,888. ಬಿಲ್‌ನಲ್ಲಿ ಹಾಕಿದ ಪಾರ್ಟ್‌ಗೆ 3 ತಿಂಗಳು ವಾರಂಟಿ ಅಂತ ಬರೆದಿದ್ದಾರೆ. ಕಂಪ್ರೆಸರ್ ಚೆನ್ನಾಗಿದೆ ಅಂತ ಜಾಬ್ ಶೀಟ್‌ನಲ್ಲಿ ಬರೆಸಿಕೊಂಡೆ. ಕಮರ್ಷಿಯಲ್ ಅಂತ ಏನೂ ಬರೆದಿಲ್ಲ.

ಮೊದಲು ಕೊಟ್ಟ 590 ವಾಪಸ್ ಕೇಳಿದ್ದಕ್ಕೆ, ಮುಂದಿನ ಸರ್ವಿಸ್‌ನಲ್ಲಿ ಡಿಸ್ಕೌಂಟ್ ಕೊಡ್ತೀವಿ ಅಂತಿದ್ದಾರೆ. ತಪ್ಪು ಹೇಳಿದ್ದಕ್ಕೆ ದುಡ್ಡು ಯಾಕೆ ಕೊಡಬೇಕು ಅಂತ 1915ಕ್ಕೆ ದೂರು ಹಾಕಿದ್ದೇನೆ.

ಅಂಗಡಿ ಕಡೆಯಿಂದ

590 ಸಿಗೋದು ಡೌಟ್ ಮೇಡಂ. ಬಂದಿದ್ದಕ್ಕೆ ಚಾರ್ಜ್ ಅಂತಾರೆ, ಸರಿಯಾಗಿ ಹೇಳಿದ್ದಕ್ಕೆ ಅಂತ ಅಲ್ಲ.

ಕೋರ್ಟ್ ಹಾಲ್ 3

ನೋಡೋಣ, ದೂರು ನಂಬರ್ ಇಟ್ಟುಕೊಂಡಿರಿ. ಎರಡೂ ಜಾಬ್ ಶೀಟ್ ಪಕ್ಕ ಪಕ್ಕ ಇಟ್ಟರೆ ಸೇವೆಯಲ್ಲಿ ಕೊರತೆ ಅನ್ನೋದು ಅಲ್ಲೇ ಕಾಣುತ್ತದೆ.

ಮೈಸೂರು ಮೇಷ್ಟ್ರು

ಪರಮೇಶಿಯವರೇ, ನನ್ನ ಕಾರ್ಡ್ ಭೂತಗನ್ನಡಿ ಹಿಡಿದು ಓದಿದೆ. ಪೂರ್ತಿ ಮೆಷಿನ್‌ಗೆ 2 ವರ್ಷ, ಮೋಟಾರ್‌ಗೆ 10 ವರ್ಷ. ನೀರಿನ ಗಡಸುತನದಿಂದ ಆದ ಹಾನಿ, ಪೈಪು, ಫಿಲ್ಟರ್, ಬಾಹ್ಯ ಪ್ಲಾಸ್ಟಿಕ್ ಭಾಗಗಳು ಒಳಗೊಂಡಿಲ್ಲ ಎಂದಿದೆ. ಮೆಷಿನ್ ಕೊಂಡು 2 ವರ್ಷ ತುಂಬಲು ಇನ್ನೂ ಒಂದು ತಿಂಗಳಿದೆ.

ಪಾನಾ ಪರಮೇಶಿ

ಒಂದು ತಿಂಗಳು ಇದ್ದರೆ ಇವತ್ತೇ ಕಂಪ್ಲೇಂಟ್ ಕೊಡಿ ಮೇಷ್ಟ್ರೇ. "ನೀರು ಬಿಸಿಯಾಗುತ್ತಿಲ್ಲ" ಅಂತ ಅಷ್ಟೇ ಹೇಳಿ. ಬೋರ್‌ವೆಲ್ ಅಂತ ಅವರು ಕೇಳಿದರೆ ಸುಳ್ಳು ಹೇಳಬೇಡಿ. ಹೀಟರ್ ಸುಣ್ಣದಿಂದ ಹೋಗಿದೆಯೋ ಸೆನ್ಸರ್ ಹೋಗಿದೆಯೋ ಬಿಚ್ಚಿ ನೋಡಿದ ಮೇಲೇ ಗೊತ್ತಾಗೋದು. ಸೆನ್ಸರ್ ಆದರೆ ಫ್ರೀ ಆಗಬೇಕು. ಕಂಪ್ಲೇಂಟ್ ನಂಬರ್ ವಾರಂಟಿ ಮುಗಿಯೋ ತಾರೀಖಿಗೆ ಮುಂಚಿನದಾಗಿರಬೇಕು, ಅದು ಮುಖ್ಯ. ಜಾಬ್ ಶೀಟ್ ಬಂದಮೇಲೆ ಇಲ್ಲಿ ಹಾಕಿ.